ಬಾಕಿ ಕಥೆ ಯಾವ ಸರಣಿಯಲ್ಲಿದೆ?

ಪ್ರಶ್ನೆ: ‘ದಿ ಫ್ಲ್ಯಾಶ್’ ಸರಣಿಯನ್ನು ಮೊದಲಿನಿಂದ ಕ್ರಮವಾಗಿ ನೋಡುತ್ತಿದ್ದೇನೆ. ಮೂರನೇ ಸೀಸನ್ನಿನ 8ನೇ ಸಂಚಿಕೆಯಲ್ಲಿ ಅನ್ಯಗ್ರಹದವರು ದಾಳಿ ಮಾಡುತ್ತಾರೆ, ಕೊನೆಯಲ್ಲಿ ಕೆಲವರು ಬೆಳಕಿನಲ್ಲಿ ಮಾಯವಾಗುತ್ತಾರೆ. 9ನೇ ಸಂಚಿಕೆ ಹಾಕಿದರೆ ಎಲ್ಲರೂ ಕ್ರಿಸ್‌ಮಸ್ ಆಚರಿಸುತ್ತಿದ್ದಾರೆ! ನಾಯಕ ಬ್ಯಾರಿಯ ಮೇಲೆ ಅವನ ಗೆಳೆಯ ಸಿಸ್ಕೋಗಿದ್ದ ಸಿಟ್ಟೂ ಕಾಣೆ. ಆ್ಯಪ್‌ನಲ್ಲಿ ಸಂಚಿಕೆ ಬಿಟ್ಟುಹೋಗಿದೆಯೇ? ಇದು ನಾಲ್ಕು ಸರಣಿಗಳ ಕ್ರಾಸ್‌ಓವರ್, ನಾಲ್ಕನ್ನೂ ನೋಡಬೇಕು ಎನ್ನುತ್ತಾನೆ ಗೆಳೆಯ. ಬೇರೆ ಸರಣಿಯವರು ಬಂದರೆ ಸಾಕು, ಅದು ಕ್ರಾಸ್‌ಓವರ್ ಎಂಬುದು ಅವನ ಲೆಕ್ಕ. ಇಂಥ ಸಂಚಿಕೆಯನ್ನು ಮೊದಲೇ ಗುರುತಿಸುವುದು ಹೇಗೆ? — ಓದುಗರೊಬ್ಬರು, ಮೈಸೂರು

ಉತ್ತರ: ಆ್ಯಪ್‌ನಲ್ಲಿ ಯಾವ ಸಂಚಿಕೆಯೂ ಬಿಟ್ಟುಹೋಗಿಲ್ಲ. ನೀವು ನೋಡಿದ ಸಂಚಿಕೆಯ ಮುಂದಿನ ಭಾಗ ‘ಆ್ಯರೋ’ ಸರಣಿಯ ಐದನೇ ಸೀಸನ್ನಿನ 8ನೇ ಸಂಚಿಕೆಯಲ್ಲಿದೆ. ಅದರ ಮುಕ್ತಾಯ ‘ಲೆಜೆಂಡ್ಸ್ ಆಫ್ ಟುಮಾರೋ’ ಸರಣಿಯ ಎರಡನೇ ಸೀಸನ್ನಿನ 7ನೇ ಸಂಚಿಕೆಯಲ್ಲಿದೆ. ಮೂರಕ್ಕೂ ‘ಇನ್ವೇಷನ್!’ ಎಂಬ ಒಂದೇ ಹೆಸರು. ಅಮೆರಿಕದ ದಿ ಸಿಡಬ್ಲ್ಯೂ ವಾಹಿನಿಯಲ್ಲಿ ಇವು 2016ರ ನವೆಂಬರ್ 29, 30 ಮತ್ತು ಡಿಸೆಂಬರ್ 1ರಂದು ಮೂರು ರಾತ್ರಿ ಬೆನ್ನುಬೆನ್ನಿಗೆ ಪ್ರಸಾರವಾದವು. ನಿಮ್ಮನ್ನು ಗೊಂದಲಕ್ಕೆ ಕೆಡವಿದ ಕ್ರಿಸ್‌ಮಸ್ ಸಂಚಿಕೆ ಬಂದದ್ದು ಡಿಸೆಂಬರ್ 6ರಂದು. ಅಂದು ಟಿವಿಯ ಮುಂದೆ ಕುಳಿತ ಪ್ರೇಕ್ಷಕ ಆ ಹೊತ್ತಿಗೆ ದಾಳಿಯ ಕೊನೆಯನ್ನು ನೋಡಿ ಮುಗಿಸಿದ್ದ. ಒಂದೇ ಸರಣಿಯ ಪಟ್ಟಿಯನ್ನು ಹಿಡಿದು ಕೆಳಗಿಳಿಯುತ್ತಿರುವ ನಿಮಗೆ ನಡುವಿನ ಎರಡು ರಾತ್ರಿಗಳು ಕಾಣುವುದಿಲ್ಲ, ಏಕೆಂದರೆ ಆ್ಯಪ್‌ಗಳು ಸಂಚಿಕೆಗಳನ್ನು ಜೋಡಿಸುವುದು ಸರಣಿವಾರು, ಪ್ರಸಾರದ ದಿನಾಂಕವಾರು ಅಲ್ಲ.

ನಾನು ಹಲವು ವರ್ಷ ವಿದೇಶಿ ಸರಣಿಗಳನ್ನು ಪ್ರಸಾರಕ್ಕೆ ಹೊಂದಿಸುವ ಕೆಲಸದಲ್ಲಿದ್ದೆ. ಸಂಚಿಕೆಗಳನ್ನು ಮೊದಲೇ ನೋಡಿ, ಲಾಗ್ ಬರೆದು, ಯಾವ ಸ್ಲಾಟ್‌ನಲ್ಲಿ ಯಾವುದು ಹೋಗಬೇಕೆಂದು ತೀರ್ಮಾನಿಸುವುದು ನಮ್ಮ ಪಾಲಿನ ಕೆಲಸವಾಗಿತ್ತು. ನಿಮಗೆ ಆದದ್ದು ನಮ್ಮ ವಾಹಿನಿಯ ಇಡೀ ಪ್ರೇಕ್ಷಕವರ್ಗಕ್ಕೆ ಒಮ್ಮೆ ಆಯಿತು. ಎರಡು ಸರಣಿಗಳು ಹಂಚಿಕೊಂಡ ಒಂದು ಕಥೆಯ ಮೊದಲ ಭಾಗ ನಮ್ಮಲ್ಲಿತ್ತು, ಎರಡನೇ ಸರಣಿಯ ಹಕ್ಕನ್ನು ಯಾರೂ ಕೊಂಡಿರಲಿಲ್ಲ. ಸಂಚಿಕೆಯ ಸಂಖ್ಯೆಗಳು ಒಂದರ ಹಿಂದೆ ಒಂದರಂತೆ ಸರಿಯಾಗಿಯೇ ಇದ್ದವು. ಅದನ್ನು ನಂಬಿ, ಕೊನೆಯ ಹತ್ತು ನಿಮಿಷಗಳನ್ನು ನೋಡದೆ ನಾನು ಲಾಗ್‌ಗೆ ಸಹಿ ಹಾಕಿದ್ದೆ. ಅಪಹರಣವಾದವರು ಏನಾದರೆಂದು ಕೇಳಿ ಮರುದಿನ ಬಂದ ಕರೆಗಳಿಗೆ ಉತ್ತರಿಸಲು ನಮ್ಮ ಬಳಿ ಏನೂ ಇರಲಿಲ್ಲ. ಅಂದಿನಿಂದ ನಾನು ಸಂಖ್ಯೆಗಿಂತ ಮೊದಲು ಸಂಚಿಕೆಯ ಕೊನೆಯನ್ನು ನೋಡುತ್ತೇನೆ. ಕೆಳಗೆ ಹೇಳಹೊರಟಿರುವುದೆಲ್ಲ ಆ ಅಭ್ಯಾಸದ ವಿಸ್ತರಣೆ.

ನಿಮ್ಮ ಗೆಳೆಯರ ಲೆಕ್ಕವನ್ನು ಮೊದಲು ಪರೀಕ್ಷಿಸೋಣ. ಬೇರೆ ಸರಣಿಯ ಪಾತ್ರ ಬಂದರೆ ಅದು ಕ್ರಾಸ್‌ಓವರ್ ಎನ್ನುವುದಾದರೆ, ನೀವು ಮೊದಲ ಸೀಸನ್ನಿನಲ್ಲೇ ಒಂದನ್ನು ನೋಡಿದ್ದೀರಿ. ಅದರ 4ನೇ ಸಂಚಿಕೆಗೆ ‘ಆ್ಯರೋ’ದ ಫೆಲಿಸಿಟಿ ಬರುತ್ತಾಳೆ, ಬ್ಯಾರಿಯೊಂದಿಗೆ ಓಡಾಡುತ್ತಾಳೆ, ಒಂದಿಷ್ಟು ನೆರವಾಗಿ ಊರಿಗೆ ಮರಳುತ್ತಾಳೆ. ಆ ಸಂಚಿಕೆಯಲ್ಲಿ ಹುಟ್ಟಿದ ಸಮಸ್ಯೆ ‘ದಿ ಫ್ಲ್ಯಾಶ್’ನೊಳಗೇ ಉಳಿಯುತ್ತದೆ, ಅದನ್ನು ತಿಳಿಯಲು ‘ಆ್ಯರೋ’ದ ಒಂದು ನಿಮಿಷವನ್ನೂ ನೋಡಬೇಕಾಗಿಲ್ಲ. ಇದು ನೆಂಟರು ಬಂದು ಹೋದಂತೆ. ಅಭಿಮಾನಿಗಳಲ್ಲಿ ಕಟ್ಟುನಿಟ್ಟಿನವರು ಇದನ್ನು ಅತಿಥಿ ಪಾತ್ರವೆಂದಷ್ಟೇ ಕರೆಯುತ್ತಾರೆ, ನನ್ನ ಅಭಿಪ್ರಾಯವೂ ಅದೇ.

ಹಾಗಾದರೆ ಭೇದ ಎಲ್ಲಿದೆ ಎಂದರೆ, ಯಾರು ಬಂದರು ಎಂಬುದರಲ್ಲಿ ಅಲ್ಲ, ಕಥೆಯ ಬಾಕಿ ಎಲ್ಲಿ ತೀರುತ್ತದೆ ಎಂಬುದರಲ್ಲಿದೆ. ಒಂದು ಸಂಚಿಕೆ ಪ್ರೇಕ್ಷಕನಲ್ಲಿ ಒಂದು ಪ್ರಶ್ನೆಯನ್ನು ಹುಟ್ಟಿಸಿದರೆ ಅದು ಸಾಲ ಮಾಡಿದಂತೆ. ಆ ಸಾಲವನ್ನು ಅದೇ ಸರಣಿ ತೀರಿಸಿದರೆ ಅದು ಮಾಮೂಲಿ ಸಂಚಿಕೆ, ಎಷ್ಟು ಅತಿಥಿಗಳು ಬಂದಿದ್ದರೂ ಸರಿ. ಬೇರೆ ಸರಣಿ ತೀರಿಸಿದರೆ ಅದು ನಿಜವಾದ ಕ್ರಾಸ್‌ಓವರ್. ಈ ಎರಡರ ನಡುವೆ ಇನ್ನೊಂದು ಬಗೆಯಿದೆ, ಗೊಂದಲ ಹೆಚ್ಚು ಹುಟ್ಟುವುದು ಅಲ್ಲೇ. ಮೊದಲ ಸೀಸನ್ನಿನ 8ನೇ ಸಂಚಿಕೆಯನ್ನು ನೆನಪಿಸಿಕೊಳ್ಳಿ. ‘ಫ್ಲ್ಯಾಶ್ ವರ್ಸಸ್ ಆ್ಯರೋ’ ಎಂಬ ಆ ಸಂಚಿಕೆ 2014ರ ಡಿಸೆಂಬರ್ 2ರಂದು ಬಂತು, ಮರುದಿನ ‘ಆ್ಯರೋ’ದ ಮೂರನೇ ಸೀಸನ್ನಿನ 8ನೇ ಸಂಚಿಕೆಗೆ ಬ್ಯಾರಿ ಹೋದ. ವಾಹಿನಿ ಎರಡನ್ನೂ ಸೇರಿಸಿ ಎರಡು ರಾತ್ರಿಗಳ ಹಬ್ಬವೆಂದೇ ಪ್ರಚಾರ ಮಾಡಿತು. ಆದರೆ ಮೊದಲ ರಾತ್ರಿಯ ಖಳನೇ ಬೇರೆ, ಎರಡನೇ ರಾತ್ರಿಯ ಖಳನೇ ಬೇರೆ. ಜನರಲ್ಲಿ ಸಿಟ್ಟು ಹೊತ್ತಿಸುವವನ ಕಥೆ ಇಲ್ಲಿ ಮುಗಿದ ಮೇಲೆ, ಬೂಮರಾಂಗ್ ಎಸೆಯುವವನ ಕಥೆ ಅಲ್ಲಿ ಹೊಸದಾಗಿ ಆರಂಭವಾಗುತ್ತದೆ. ನೀವು ಎರಡನೆಯದನ್ನು ನೋಡದಿದ್ದರೂ ಆಗ ನಿಮಗೆ ಏನೂ ಕೊರತೆ ಕಾಣದೆ ಹೋದದ್ದು ಅದಕ್ಕೇ. ಇಂಥವನ್ನು ನಾನು ಜೋಡಿ ಸಂಚಿಕೆ ಎನ್ನುತ್ತೇನೆ. ಒಟ್ಟಿಗೆ ನೋಡಿದರೆ ಸೊಗಸು, ಬಿಟ್ಟರೆ ನಷ್ಟವಿಲ್ಲ.

ಎರಡನೇ ಸೀಸನ್ನಿಗೆ ಬರುವ ವೇಳೆಗೆ ಬರಹಗಾರರ ಧೈರ್ಯ ಹೆಚ್ಚಿತ್ತು. 2015ರ ಡಿಸೆಂಬರ್ 1ರ ನಿಮ್ಮ 8ನೇ ಸಂಚಿಕೆಯಲ್ಲಿ ವ್ಯಾಂಡಲ್ ಸ್ಯಾವೇಜ್ ಎಂಬ ಚಿರಂಜೀವಿ ಖಳ ಪ್ರತ್ಯಕ್ಷನಾದ. ಅವನೊಡನೆ ಕಾದಾಟ ನಡೆದದ್ದು ಮರುದಿನದ ‘ಆ್ಯರೋ’ದಲ್ಲಿ. ಬಹುಶಃ ಆಗಲೂ ನಿಮಗೆ ಏನೋ ತಪ್ಪಿದಂತೆ ಅನಿಸಿರಬೇಕು, ಆದರೆ 9ನೇ ಸಂಚಿಕೆಯ ಕ್ರಿಸ್‌ಮಸ್ ಗಲಾಟೆಯಲ್ಲಿ ಮರೆತಿರುತ್ತೀರಿ. ಆ ಎರಡು ಸಂಚಿಕೆಗಳಿಗೆ ಇನ್ನೊಂದು ಗುಟ್ಟಿನ ಉದ್ದೇಶವೂ ಇತ್ತು. 2016ರ ಜನವರಿಯಲ್ಲಿ ಆರಂಭವಾಗಲಿದ್ದ ‘ಲೆಜೆಂಡ್ಸ್ ಆಫ್ ಟುಮಾರೋ’ ಎಂಬ ಹೊಸ ಸರಣಿಯ ಪಾತ್ರಗಳನ್ನು ಮುಂಚಿತವಾಗಿ ಪರಿಚಯಿಸಬೇಕಿತ್ತು. ಹೊಸ ಅಂಗಡಿ ತೆರೆಯುವ ಮೊದಲು ಹಳೆಯ ಅಂಗಡಿಯಲ್ಲೇ ಸರಕು ತೋರಿಸುವ ಈ ಉಪಾಯ ಟಿವಿಯಲ್ಲಿ ಹಳೆಯದು. ಇಂಥ ಸಂಚಿಕೆಗಳಲ್ಲಿ ಒಂದು ಲಕ್ಷಣ ಎದ್ದು ಕಾಣುತ್ತದೆ: ಆ ಕಥೆಗೆ ಅಷ್ಟೇನೂ ಬೇಡದ ಹೊಸಬರೊಬ್ಬರಿಗೆ ಹಿಂದಿನ ಜನ್ಮದಿಂದ ಹಿಡಿದು ಇಡೀ ಪೂರ್ವೇತಿಹಾಸ ಸಿಗುತ್ತದೆ, ನಾಯಕ ಪಕ್ಕದಲ್ಲಿ ನಿಂತು ಕೇಳುತ್ತಿರುತ್ತಾನೆ.

ಈಗ ನಿಮ್ಮ ‘ಇನ್ವೇಷನ್!’ ವಿಷಯ. ಇದು ನಾಲ್ಕು ಸರಣಿಗಳ ಕ್ರಾಸ್‌ಓವರ್ ಎಂದು ನಿಮ್ಮ ಗೆಳೆಯರು ಹೇಳಿದ್ದು ಅವರ ಕಲ್ಪನೆಯಲ್ಲ, ವಾಹಿನಿಯೇ ಹಾಗೆ ಸಾರಿತ್ತು. ಸೋಮವಾರ ‘ಸೂಪರ್‌ಗರ್ಲ್’, ಮಂಗಳವಾರ ‘ದಿ ಫ್ಲ್ಯಾಶ್’, ಬುಧವಾರ ‘ಆ್ಯರೋ’, ಗುರುವಾರ ‘ಲೆಜೆಂಡ್ಸ್’, ಹೀಗೆ ನಾಲ್ಕು ರಾತ್ರಿ ಎಂಬುದು ಪ್ರಚಾರ. ಸೋಮವಾರದ ಸಂಚಿಕೆಯನ್ನು ಬಾಕಿಯ ಲೆಕ್ಕದಲ್ಲಿ ನೋಡಿ. ಅದರ ಹೆಸರು ‘ಮೆಡೂಸಾ’, ‘ಸೂಪರ್‌ಗರ್ಲ್’ನ ಎರಡನೇ ಸೀಸನ್ನಿನ 8ನೆಯದು. ನಾಯಕಿ ಕಾರಾಳ ಊರಿನಲ್ಲಿ ಒಂದು ವೈರಸ್ಸಿನ ಭಯ, ಅವಳ ತಂದೆಯ ಹಳೆಯ ಸಂಶೋಧನೆ, ಒಬ್ಬ ತಾಯಿ ಮತ್ತು ಮಗಳ ನಡುವಿನ ಬಿರುಕು, ಇವೇ ಅದರ ವಸ್ತು, ಇವೆಲ್ಲವೂ ಆ ಸರಣಿಯ ಸ್ವಂತದ್ದು. ನಡುವೆ ಒಂದೆರಡು ಸಲ ಮನೆಯೊಳಗೆ ಗಾಳಿಯಲ್ಲಿ ಬಿರುಕು ತೆರೆದಂತಾಗಿ ಮುಚ್ಚಿಕೊಳ್ಳುತ್ತದೆ. ಕೊನೆಯ ದೃಶ್ಯದಲ್ಲಷ್ಟೇ ಆ ಬಿರುಕಿನಿಂದ ಬ್ಯಾರಿ ಮತ್ತು ಸಿಸ್ಕೋ ಹೊರಬಂದು ಕಾರಾಳ ಸಹಾಯ ಕೇಳುತ್ತಾರೆ. ದಾಳಿ ಮಾಡಿದ ಅನ್ಯಗ್ರಹದವರ ಸುಳಿವೇ ಅಲ್ಲಿಲ್ಲ. ಮೇಲಾಗಿ, ಅವರು ಕಾರಾಳನ್ನು ಕರೆಯಲು ಬರುವ ಆ ದೃಶ್ಯ ನೀವು ನೋಡಿದ ‘ದಿ ಫ್ಲ್ಯಾಶ್’ ಸಂಚಿಕೆಯಲ್ಲೂ ಇದೆ! ಹಾಗಾಗಿ ಕಥೆಯ ದೃಷ್ಟಿಯಿಂದ ಇದು ಮೂರು ಭಾಗಗಳದ್ದು, ಜಾಹೀರಾತಿನ ದೃಷ್ಟಿಯಿಂದ ನಾಲ್ಕು ರಾತ್ರಿಗಳದ್ದು. ಹೆಸರೂ ಅದನ್ನೇ ಹೇಳುತ್ತದೆ: ಮೂರು ಸಂಚಿಕೆಗಳಿಗೆ ‘ಇನ್ವೇಷನ್!’, ಸೋಮವಾರದ್ದಕ್ಕೆ ಬೇರೆ ಹೆಸರು. ಪ್ರೊಮೊ ಬರೆಯುವವರು ಬೇರೆ, ಸಂಚಿಕೆಗೆ ಹೆಸರಿಡುವವರು ಬೇರೆ. ಇಬ್ಬರ ಮಾತು ಹೊಂದದಿದ್ದಾಗ ಎರಡನೆಯವರನ್ನು ನಂಬುವುದು ಮೇಲು.

ಮೂರು ಭಾಗಗಳೊಳಗೂ ತೂಕ ಒಂದೇ ಅಲ್ಲ. ಬುಧವಾರದ ಸಂಚಿಕೆ ‘ಆ್ಯರೋ’ ಸರಣಿಯ 100ನೆಯದಾಗಿತ್ತು. ಆ ಸರಣಿಯವರಿಗೆ ತಮ್ಮ ಶತಕವನ್ನೂ ಆಚರಿಸಬೇಕಿತ್ತು, ಹಂಚಿದ ಕಥೆಯ ನಡುಭಾಗವನ್ನೂ ಹೇಳಬೇಕಿತ್ತು. ಅವರು ಕಂಡುಕೊಂಡ ದಾರಿ ಜಾಣತನದ್ದು: ಮಾಯವಾದವರೆಲ್ಲ ಒಂದು ಕನಸಿನ ಲೋಕದಲ್ಲಿ ಸಿಲುಕಿರುತ್ತಾರೆ, ಅಲ್ಲಿ ನಾಯಕ ಆಲಿವರ್‌ನ ಜೀವನದ ದುರಂತಗಳು ನಡೆದೇ ಇರುವುದಿಲ್ಲ. ‘ಆ್ಯರೋ’ದ ನಾಲ್ಕು ಸೀಸನ್‌ಗಳನ್ನು ನೋಡಿದವರ ಕಣ್ಣು ಒದ್ದೆಯಾಗುವ ಸಂಚಿಕೆ ಅದು. ನಿಮಗಾದರೋ ಪರಿಚಯವಿಲ್ಲದ ಮುಖಗಳು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿರುವಂತೆ ಕಾಣಬಹುದು. ಅಪಹರಣಕ್ಕೊಳಗಾದವರು ಹೇಗೆ ಪಾರಾದರು ಎಂಬ ಒಂದು ಉತ್ತರವನ್ನು ಬಿಟ್ಟರೆ, ದಾಳಿಯ ಕಥೆ ಅಲ್ಲಿ ಹೆಚ್ಚು ಮುಂದೆ ಸಾಗುವುದಿಲ್ಲ.

ಗುರುವಾರದ್ದು ಹಾಗಲ್ಲ. ದಾಳಿ ಮುಗಿಯುವುದು ಅಲ್ಲಿ, ಅದರ ಮೂಲ 1951ರಲ್ಲಿ ಏನಿತ್ತೆಂದು ತಿಳಿಯುವುದೂ ಅಲ್ಲಿ. ನಿಮ್ಮ ಪ್ರಶ್ನೆಯಲ್ಲಿ ನೀವು ಸರಿಯಾಗಿಯೇ ಗಮನಿಸಿದ ಸಿಸ್ಕೋನ ಸಿಟ್ಟು ಇಳಿಯುವುದೂ ಅಲ್ಲೇ. ತನ್ನ ಅಣ್ಣನ ಸಾವಿಗೆ ಬ್ಯಾರಿ ಕಾಲವನ್ನು ತಿದ್ದಿದ್ದೇ ಕಾರಣವೆಂದು ಸಿಸ್ಕೋ ಮುನಿದಿದ್ದ. ಆ ಮುನಿಸು ‘ದಿ ಫ್ಲ್ಯಾಶ್’ನೊಳಗೆ ಹುಟ್ಟಿ ವಾರಗಟ್ಟಲೆ ಬೆಳೆದದ್ದು, ಆದರೆ ರಾಜಿಯಾದದ್ದು ಇನ್ನೊಂದು ಸರಣಿಯಲ್ಲಿ. ನಿರೂಪಣೆಯ ಕಸುಬಿನಲ್ಲಿ ಇದು ಪ್ರೇಕ್ಷಕನಿಗೆ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ. ಅನ್ಯಗ್ರಹದ ನೌಕೆ ಹೇಗೆ ಹಿಂತಿರುಗಿತೆಂಬುದನ್ನು ಯಾರಾದರೂ ಒಂದು ವಾಕ್ಯದಲ್ಲಿ ಹೇಳಿಬಿಡಬಹುದು; ಇಬ್ಬರು ಗೆಳೆಯರ ಮುನಿಸು ತಿಳಿಯಾದ ಬಗೆಯನ್ನು ಕಣ್ಣಾರೆ ನೋಡದಿದ್ದರೆ ಅದು ಮನಸ್ಸಿಗೆ ಹತ್ತುವುದಿಲ್ಲ. ಕ್ರಾಸ್‌ಓವರ್ ಅನ್ನು ಗುರುತಿಸುವಾಗ ಅಭಿಮಾನಿಗಳು ಹೆಚ್ಚಾಗಿ ಖಳನ ಹಿಂದೆ ಬೀಳುತ್ತಾರೆ. ಅವನಷ್ಟೇ ಅಲ್ಲ, ಸಂಬಂಧಗಳಲ್ಲಿ ಏನಾದರೂ ಸದ್ದಿಲ್ಲದೆ ಬದಲಾಗಿದೆಯೇ ಎಂದೂ ನೋಡಬೇಕು. ಹಿಂದಿನ ಸಂಚಿಕೆಯಲ್ಲಿ ಮಾತು ಬಿಟ್ಟಿದ್ದವರು ಈ ಸಂಚಿಕೆಯಲ್ಲಿ ಕಾರಣವಿಲ್ಲದೆ ನಗುತ್ತಿದ್ದರೆ, ನಡುವೆ ಇನ್ನೆಲ್ಲೋ ಒಂದು ಸಂಚಿಕೆ ಇದೆ ಎಂದೇ ತಿಳಿಯಿರಿ.

ವಾಹಿನಿಗಳು ಇದನ್ನೇಕೆ ಮಾಡುತ್ತವೆ ಎಂಬುದನ್ನು ತಿಳಿದರೆ ಗುರುತಿಸುವುದು ಸುಲಭವಾಗುತ್ತದೆ. ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆ ವರ್ಷಕ್ಕೆ ನಾಲ್ಕು ಬಾರಿ, ಅಂದರೆ ನವೆಂಬರ್, ಫೆಬ್ರುವರಿ, ಮೇ ಮತ್ತು ಜುಲೈ ತಿಂಗಳುಗಳಲ್ಲಿ, ಸ್ಥಳೀಯ ಕೇಂದ್ರಗಳ ಪ್ರೇಕ್ಷಕರನ್ನು ವಿಶೇಷವಾಗಿ ಎಣಿಸುತ್ತಿತ್ತು. ಅದಕ್ಕೆ ಅಲ್ಲಿನವರು ‘ಸ್ವೀಪ್ಸ್’ ಎನ್ನುತ್ತಾರೆ. ಆ ಎಣಿಕೆಯ ಮೇಲೆ ಜಾಹೀರಾತಿನ ದರ ನಿಲ್ಲುತ್ತಿದ್ದುದರಿಂದ, ಮದುವೆ, ಸಾವು, ದೊಡ್ಡ ಅತಿಥಿ, ಎರಡು ಸರಣಿಗಳ ಕೂಡಿಕೆ, ಎಲ್ಲವನ್ನೂ ಆ ತಿಂಗಳುಗಳಿಗೆ ಕಾದಿರಿಸುತ್ತಿದ್ದರು. ಎನ್‌ಬಿಸಿ ವಾಹಿನಿಯಲ್ಲಿ ಬುಧವಾರದ ‘ಲಾ ಆ್ಯಂಡ್ ಆರ್ಡರ್’ ಮತ್ತು ಶುಕ್ರವಾರದ ‘ಹೋಮಿಸೈಡ್’ ಎಂಬ ಎರಡು ಪೊಲೀಸ್ ಸರಣಿಗಳು ಮೂರು ಬಾರಿ ಕಥೆ ಹಂಚಿಕೊಂಡವು. ಆ ದಿನಾಂಕಗಳನ್ನು ನೋಡಿ: 1996ರ ಫೆಬ್ರುವರಿ 7 ಮತ್ತು 9, 1997ರ ನವೆಂಬರ್ 12 ಮತ್ತು 14, 1999ರ ಫೆಬ್ರುವರಿ 17 ಮತ್ತು 19. ಮೂರೂ ಎಣಿಕೆಯ ತಿಂಗಳುಗಳೇ. ಒಂದರ ಕಥೆ ನ್ಯೂಯಾರ್ಕಿನದು, ಇನ್ನೊಂದರದು ಬಾಲ್ಟಿಮೋರಿನದು, ನಿರ್ಮಾಪಕರೂ ಬೇರೆ ಬೇರೆ. ಅವುಗಳನ್ನು ಕೂಡಿಸಿದ್ದು ಒಂದೇ ವಾಹಿನಿ ಎಂಬ ಸಂಗತಿ, ಮತ್ತು ಹೆಚ್ಚು ಜನ ನೋಡುತ್ತಿದ್ದ ಬುಧವಾರದ ಸರಣಿಯಿಂದ ಶುಕ್ರವಾರದ್ದಕ್ಕೆ ಒಂದಿಷ್ಟು ಜನ ಹರಿದುಬರಲಿ ಎಂಬ ಆಸೆ.

ನಿಮ್ಮ ಸರಣಿಯ ವಿಷಯದಲ್ಲಿ ಇನ್ನೊಂದು ಪ್ರಾಯೋಗಿಕ ಕಾರಣವೂ ಇದೆ. 2016ರ ಹೊತ್ತಿಗೆ ಆ ನಾಲ್ಕೂ ಸರಣಿಗಳ ಚಿತ್ರೀಕರಣ ಕೆನಡಾದ ವ್ಯಾಂಕೂವರ್‌ನಲ್ಲೇ ನಡೆಯುತ್ತಿತ್ತು. ‘ಸೂಪರ್‌ಗರ್ಲ್’ ಮೊದಲ ಸೀಸನ್ನಿನಲ್ಲಿ ಸಿಬಿಎಸ್ ವಾಹಿನಿಯದಾಗಿದ್ದು, ಲಾಸ್ ಏಂಜಲೀಸ್‌ನಲ್ಲಿ ಚಿತ್ರೀಕರಣವಾಗುತ್ತಿತ್ತು. ಹಾಗಾಗಿ 2016ರ ಮಾರ್ಚ್ 28ರಂದು ಬ್ಯಾರಿ ಅಲ್ಲಿಗೆ ಹೋದಾಗ ಅದು ಒಂದೇ ಸಂಚಿಕೆಯ ಭೇಟಿಯಾಗಿ ಉಳಿಯಿತು. ‘ದಿ ಫ್ಲ್ಯಾಶ್’ ಕಡೆಯಲ್ಲಿ ಅದಕ್ಕಿರುವ ಗುರುತು ಎಷ್ಟು ಸಣ್ಣದೆಂದರೆ, ಎರಡನೇ ಸೀಸನ್ನಿನ 18ನೇ ಸಂಚಿಕೆಯಲ್ಲಿ ಓಡುತ್ತಿರುವ ಬ್ಯಾರಿ ಕ್ಷಣಕಾಲ ಕಾಣೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಆ ಕ್ಷಣದಲ್ಲೇ ಅವನು ಕಾರಾಳ ಲೋಕಕ್ಕೆ ಹೋಗಿ, ಅಲ್ಲಿ ಒಂದಿಡೀ ಸಂಚಿಕೆ ಕಳೆದು ಬಂದಿದ್ದಾನೆ! ನೀವು ಅದನ್ನು ದಾಟಿ ಬಂದಿದ್ದೀರಿ, ಕಣ್ಣು ಮಿಟುಕಿಸಿದ್ದರೆ ತಪ್ಪಿಹೋಗಿರುತ್ತದೆ.

ನಮ್ಮ ಕನ್ನಡ ವಾಹಿನಿಗಳಲ್ಲೂ ಈ ಪದ್ಧತಿಯಿದೆ, ಅದಕ್ಕೆ ಒಳ್ಳೆಯ ಹೆಸರೂ ಇದೆ: ಮಹಾಸಂಗಮ. ಆದರೆ ಅನೇಕರು ಅದನ್ನು ಮಹಾಸಂಚಿಕೆಯೊಂದಿಗೆ ಕಲಸುತ್ತಾರೆ. ಮಹಾಸಂಚಿಕೆ ಎಂದರೆ ಒಂದೇ ಧಾರಾವಾಹಿಯ ಉದ್ದದ ಸಂಚಿಕೆ. ಮಹಾಸಂಗಮ ಎಂದರೆ ಅಕ್ಕಪಕ್ಕದ ಸ್ಲಾಟ್‌ಗಳ ಎರಡು ಧಾರಾವಾಹಿಗಳ ಮನೆಮಂದಿ ಒಂದೇ ಮದುವೆಯಲ್ಲೋ ಜಾತ್ರೆಯಲ್ಲೋ ಸೇರಿ, ಎರಡೂ ಅರ್ಧಗಂಟೆಗಳು ಒಂದು ಗಂಟೆಯಾಗುವುದು. ಇಲ್ಲಿ ಸ್ಲಾಟ್‌ಗಳು ಕೂಡಿಯೇ ಇರುವುದರಿಂದ ಪ್ರೇಕ್ಷಕ ದಾರಿ ತಪ್ಪುವುದು ಕಡಿಮೆ. ಅಮೆರಿಕದಲ್ಲಿ ಮೂರು ರಾತ್ರಿಗಳ ಮೇಲೆ ಹರಡುವುದರಿಂದ, ಮುಂದೆ ಆ್ಯಪ್‌ಗಳಲ್ಲಿ ಮೂರು ಪಟ್ಟಿಗಳಾಗಿ ಒಡೆದುಹೋಗುವುದರಿಂದ, ತೊಂದರೆ ಹೆಚ್ಚು.

ಇಷ್ಟು ತಿಳಿದ ಮೇಲೆ ಗುರುತಿಸುವ ಬಗೆಗೆ ಬರೋಣ. ನಾನು ಮೊದಲು ನೋಡುವುದು ಹೆಸರನ್ನು. ಬೇರೆ ಸರಣಿಯ ಪಟ್ಟಿಯಲ್ಲೂ ಅದೇ ಹೆಸರಿದ್ದರೆ ಅಥವಾ ಹೆಸರಿನ ಮುಂದೆ ಭಾಗ 3 ಎಂದಿದ್ದು ಹಿಂದಿನ ಎರಡು ಭಾಗಗಳು ನಿಮ್ಮ ಪಟ್ಟಿಯಲ್ಲಿ ಕಾಣದಿದ್ದರೆ, ಸಂಶಯಕ್ಕೆ ಎಡೆಯೇ ಇಲ್ಲ. ‘ಇನ್ವೇಷನ್!’ಗೆ ಭಾಗದ ಸಂಖ್ಯೆ ಹಾಕಿರಲಿಲ್ಲ, ಅದೇ ನಿಮಗೆ ಮುಳುವಾಯಿತು. 2017ರಿಂದಾಚೆ ಅವರು ವರ್ಷದ ದೊಡ್ಡ ಕೂಡಿಕೆಗೆ ಸಂಖ್ಯೆ ಹಾಕತೊಡಗಿದರು. ಆಮೇಲೆ ನೋಡುವುದು ಸಂಚಿಕೆಯ ಆರಂಭದ ‘ಇಲ್ಲಿಯವರೆಗೆ’ ತುಣುಕನ್ನು. ಅದರಲ್ಲಿ ನೀವು ಎಂದೂ ನೋಡದ ದೃಶ್ಯವಿದ್ದರೆ ಅದು ಬೇರೆ ಸರಣಿಯಿಂದ ಬಂದದ್ದು. ಹಲವರು ಈ ತುಣುಕನ್ನು ಹಾರಿಸಿಬಿಡುತ್ತಾರೆ, ಆ್ಯಪ್ ಕೂಡ ಹಾರಿಸಲು ಗುಂಡಿ ಕೊಡುತ್ತದೆ. 8 ಮತ್ತು 9ನೇ ಸಂಚಿಕೆಗಳಲ್ಲಾದರೂ ಅದನ್ನು ಒತ್ತಬೇಡಿ.

ಪ್ರಸಾರದ ದಿನಾಂಕ ಮೂರನೇ ಗುರುತು, ಮತ್ತು ನನ್ನ ಅನುಭವದಲ್ಲಿ ಅತ್ಯಂತ ನಂಬಲರ್ಹವಾದದ್ದು. ಸರಣಿಯ ವಾರ ಯಾವುದೆಂದು ತಿಳಿದುಕೊಂಡು, ಒಂದು ಸಂಚಿಕೆ ಮಾತ್ರ ಆ ವಾರವನ್ನು ಬಿಟ್ಟು ಬೇರೆ ದಿನ ಬಂದಿದ್ದರೆ ನಿಂತು ನೋಡಬೇಕು. ‘ದಿ ಫ್ಲ್ಯಾಶ್’ ಆಗ ಮಂಗಳವಾರದ ಸರಣಿ. ಆದರೆ ಐದನೇ ಸೀಸನ್ನಿನ 9ನೇ ಸಂಚಿಕೆ 2018ರ ಡಿಸೆಂಬರ್ 9ರ ಭಾನುವಾರ ಬಂತು. ಕಾರಣ, ‘ಎಲ್ಸ್‌ವರ್ಲ್ಡ್ಸ್’ ಎಂಬ ಆ ಕಥೆ ಬ್ಯಾರಿಯಿಂದಲೇ ಆರಂಭವಾಗಬೇಕಿದ್ದುದರಿಂದ ‘ಸೂಪರ್‌ಗರ್ಲ್’ನೊಂದಿಗೆ ದಿನವನ್ನೇ ಅದಲುಬದಲು ಮಾಡಿಕೊಂಡರು. ಇಂಥ ಅದಲುಬದಲನ್ನು ಯಾರೂ ಸುಮ್ಮನೆ ಮಾಡುವುದಿಲ್ಲ.

ಇನ್ನು ಪಾತ್ರವರ್ಗದ ಪಟ್ಟಿ. ಅಭಿಮಾನಿಗಳು ಹೆಚ್ಚು ನೆಚ್ಚುವುದು ಇದನ್ನೇ, ನಾನು ಕಡಿಮೆ ನೆಚ್ಚುವುದೂ ಇದನ್ನೇ. ಅತಿಥಿಗಳ ಹೆಸರು ಉದ್ದವಾಗಿದ್ದ ಮಾತ್ರಕ್ಕೆ ಕಥೆ ಹೊರಗೆ ಹೋಗುತ್ತದೆ ಎನ್ನಲಾಗದು. ಅದಕ್ಕೆ ಪ್ರತಿಯಾಗಿ ಕಥೆ ಹೊರಗೆ ಹೋಗದಿದ್ದರೂ ಒಂದೇ ಘಟನೆ ಎರಡು ಸರಣಿಗಳಲ್ಲಿ ಹಂಚಿಕೆಯಾಗಿರಬಹುದು. ‘ಬಫಿ’ ಮತ್ತು ಅದರಿಂದ ಹುಟ್ಟಿದ ‘ಏಂಜೆಲ್’ ಸರಣಿಗಳ 2000ದ ನವೆಂಬರ್ 14ರ ಸಂಚಿಕೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ರಾತ್ರಿ ಒಂದರ ಹಿಂದೆ ಒಂದು ಬಂದ ಅವುಗಳಿಗೆ ಹೆಸರು ಬೇರೆ, ಭಾಗ ಸಂಖ್ಯೆಯಿಲ್ಲ, ಎರಡೂ ತಮ್ಮಷ್ಟಕ್ಕೆ ಪೂರ್ಣ. ಆದರೆ ಎರಡರಲ್ಲೂ 1900ರ ಚೀನಾದ ದಂಗೆಯ ಒಂದೇ ಘಟನೆ ಬರುತ್ತದೆ, ಎರಡು ಬೇರೆ ಪಾತ್ರಗಳ ಕಣ್ಣಿನಿಂದ. ಮೊದಲನೆಯದರಲ್ಲಿ ಗೆಲುವಿನ ನಡಿಗೆಯಂತೆ ಕಂಡದ್ದು ಎರಡನೆಯದರಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಇಲ್ಲಿ ಬಾಕಿಯೇ ಇಲ್ಲ, ಆದರೂ ಇದು ಕ್ರಾಸ್‌ಓವರ್ ಅಲ್ಲವೆನ್ನಲು ನನಗೆ ಮನಸ್ಸು ಬರುವುದಿಲ್ಲ. ನನ್ನ ಅಳತೆಗೋಲು ಇಲ್ಲಿ ಸೋಲುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ಈಗ ನಿಮ್ಮ ಮುಂದಿರುವ ದಾರಿಗಳು. ಏನನ್ನೂ ಹುಡುಕದೆ ‘ದಿ ಫ್ಲ್ಯಾಶ್’ ಒಂದನ್ನೇ ನೋಡುತ್ತ ಹೋಗಬಹುದು. ಮೂರನೇ ಸೀಸನ್ನಿನಲ್ಲಿ ಅದರಿಂದ ಆಗುವ ನಷ್ಟ ಸಿಸ್ಕೋನ ರಾಜಿ ದೃಶ್ಯ ಮತ್ತು ಒಂದು ಯುದ್ಧದ ಕೊನೆ, ಅಷ್ಟೇ. ಆ ಸೀಸನ್ನಿನ ಮುಖ್ಯ ಕಥೆ ಬೇರೆಯದೇ ಆದ್ದರಿಂದ ಮುಂದೆ ಅಡ್ಡಿಯಾಗುವುದಿಲ್ಲ. ಗೆಳೆಯರು ಹೇಳುವಂತೆ ನಾಲ್ಕನ್ನೂ ಪ್ರಸಾರದ ಕ್ರಮದಲ್ಲಿ ನೋಡುವುದು ಎರಡನೇ ದಾರಿ. ಆ ಒಂದು ವರ್ಷದ ಲೆಕ್ಕ ಹೇಳುತ್ತೇನೆ: ‘ದಿ ಫ್ಲ್ಯಾಶ್’ 23, ‘ಆ್ಯರೋ’ 23, ‘ಸೂಪರ್‌ಗರ್ಲ್’ 22, ‘ಲೆಜೆಂಡ್ಸ್’ 17, ಒಟ್ಟು 85 ಸಂಚಿಕೆ. ಒಂದಕ್ಕೆ ಸುಮಾರು 42 ನಿಮಿಷ ಹಿಡಿದರೆ ಹತ್ತಿರಹತ್ತಿರ 60 ಗಂಟೆ, ಅದೂ ಒಂದೇ ವರ್ಷಕ್ಕೆ. ನಾಲ್ಕು ಸರಣಿಗಳಲ್ಲೂ ಆಸಕ್ತಿಯಿರುವವರಿಗೆ ಇದು ಹಬ್ಬ. ಒಂದನ್ನು ಮೆಚ್ಚಿ ಉಳಿದ ಮೂರನ್ನು ಕರ್ತವ್ಯವೆಂದು ನೋಡುವವರು ನಡುವೆಯೇ ಎಲ್ಲವನ್ನೂ ಕೈಬಿಡುವುದನ್ನು ಕಂಡಿದ್ದೇನೆ.

ನಾನು ನಿಮಗೆ ಹೇಳುವುದು ಮೂರನೆಯ ದಾರಿ: ಹಂಚಿದ ಭಾಗಗಳನ್ನು ಮಾತ್ರ ಆಯಾ ಸ್ಥಳದಲ್ಲಿ ನೋಡಿ, ಮತ್ತೆ ನಿಮ್ಮ ಸರಣಿಗೆ ಮರಳುವುದು. ಈಗ ‘ಆ್ಯರೋ’ ಮತ್ತು ‘ಲೆಜೆಂಡ್ಸ್’ ಸಂಚಿಕೆಗಳೆರಡಕ್ಕೆ ಒಂದೂವರೆ ಗಂಟೆಯೂ ಬೇಡ. ಇದರಲ್ಲಿ ಒಂದು ಅಪಾಯವಿದೆ. ಆ 100ನೇ ಸಂಚಿಕೆ ‘ಆ್ಯರೋ’ದಲ್ಲಿ ಅದುವರೆಗೆ ಯಾರು ತೀರಿಕೊಂಡಿದ್ದಾರೆ ಎಂಬುದನ್ನೆಲ್ಲ ಬಿಚ್ಚಿಡುತ್ತದೆ. ಮುಂದೊಂದು ದಿನ ಆ ಸರಣಿಯನ್ನು ಮೊದಲಿನಿಂದ ನೋಡುವ ಯೋಚನೆ ನಿಮಗಿದ್ದರೆ ಅದನ್ನು ಬಿಟ್ಟು ‘ಲೆಜೆಂಡ್ಸ್’ ಒಂದನ್ನೇ ನೋಡಿ. ಮಾಯವಾದವರು ವಾಪಸ್ಸು ಬಂದಿದ್ದಾರೆ ಎಂದು ತಿಳಿದುಕೊಂಡರೆ ಕಥೆ ಅರ್ಥವಾಗುತ್ತದೆ. ‘ಮೆಡೂಸಾ’ ನೋಡುವ ಅಗತ್ಯ ಖಂಡಿತ ಇಲ್ಲ.

ಮುಂದೆ ಸಿಗುವ ತಿರುವುಗಳನ್ನು, ಕಥೆ ಬಿಟ್ಟುಕೊಡದೆ, ಈಗಲೇ ಹೇಳಿಬಿಡುತ್ತೇನೆ. ಇದೇ ಸೀಸನ್ನಿನ 17ನೆಯದು ಹಾಡಿನ ಸಂಚಿಕೆ. ಅದರ ಪೀಠಿಕೆ ‘ಸೂಪರ್‌ಗರ್ಲ್’ನ ಎರಡನೇ ಸೀಸನ್ನಿನ 16ನೇ ಸಂಚಿಕೆಯ ಕೊನೆಯ ಕೆಲವು ನಿಮಿಷಗಳಲ್ಲಿದೆ, ಉಳಿದದ್ದು ನಿಮಗೆ ಬೇಡ, ‘ಮೆಡೂಸಾ’ದ ಉಪಾಯವೇ ಮತ್ತೊಮ್ಮೆ. ನಾಲ್ಕನೇ ಸೀಸನ್ನಿನ 8ನೇ ಸಂಚಿಕೆ ‘ಕ್ರೈಸಿಸ್ ಆನ್ ಅರ್ತ್-ಎಕ್ಸ್’ನ ಮೂರನೇ ಭಾಗ. ಅದಕ್ಕೆ ಮೊದಲು ‘ಸೂಪರ್‌ಗರ್ಲ್’ನ ಮೂರನೇ ಸೀಸನ್ ಮತ್ತು ‘ಆ್ಯರೋ’ದ ಆರನೇ ಸೀಸನ್, ಅನಂತರ ‘ಲೆಜೆಂಡ್ಸ್’ನ ಮೂರನೇ ಸೀಸನ್, ಎಲ್ಲದರಲ್ಲೂ 8ನೇ ಸಂಚಿಕೆಯೇ. ಇಲ್ಲಿ ಯಾವುದನ್ನೂ ಬಿಡಬೇಡಿ, ಏಕೆಂದರೆ ಮೊದಲ ಭಾಗ ಆರಂಭವಾಗುವುದೇ ಬ್ಯಾರಿಯ ಬದುಕಿನ ಒಂದು ದೊಡ್ಡ ದಿನದಿಂದ. ಐದನೆಯದರ ‘ಎಲ್ಸ್‌ವರ್ಲ್ಡ್ಸ್’ ಮೂರು ಭಾಗ, ಮೂರು ಸರಣಿಗಳ 9ನೇ ಸಂಚಿಕೆಗಳು, ನಿಮ್ಮದೇ ಮೊದಲು, ಆಮೇಲೆ ‘ಆ್ಯರೋ’, ಕೊನೆಗೆ ‘ಸೂಪರ್‌ಗರ್ಲ್’.

ಆರನೇ ಸೀಸನ್ನಿನ 9ನೇ ಸಂಚಿಕೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಐದು ಭಾಗಗಳ ಕಥೆ, ನಿಮ್ಮದು ನಡುವಿನ ಮೂರನೆಯದು. ಮೊದಲೆರಡು ‘ಸೂಪರ್‌ಗರ್ಲ್’ನ ಐದನೇ ಸೀಸನ್ ಮತ್ತು ‘ಬ್ಯಾಟ್‌ವುಮನ್’ನ ಮೊದಲ ಸೀಸನ್ನುಗಳ 9ನೇ ಸಂಚಿಕೆಗಳು. ನಾಲ್ಕನೆಯದು ‘ಆ್ಯರೋ’ದ ಎಂಟನೇ ಸೀಸನ್ನಿನ 8ನೆಯದು. ಐದನೆಯದು ‘ಲೆಜೆಂಡ್ಸ್’ನದು, 2020ರ ಜನವರಿ 14ರಂದು, ಆ ಸರಣಿಯ ಐದನೇ ಸೀಸನ್ ಮಾಮೂಲಿನಂತೆ ಆರಂಭವಾಗುವ ಒಂದು ವಾರ ಮುಂಚೆ, ವಿಶೇಷ ಸಂಚಿಕೆಯಾಗಿ ಬಂತು. ಹಾಗಾಗಿ ಅದು ನಿಮ್ಮ ಆ್ಯಪ್‌ನ ಐದನೇ ಸೀಸನ್ನಿನ ಪಟ್ಟಿಯಲ್ಲಿ ಕಾಣದಿದ್ದರೆ ವಿಶೇಷ ಸಂಚಿಕೆಗಳ ಕಡೆ ಹುಡುಕಿ. ಇವನ್ನು ಬಿಟ್ಟು ನೇರವಾಗಿ ನಿಮ್ಮ 10ನೇ ಸಂಚಿಕೆಗೆ ಹೋದರೆ, ಎಲ್ಲ ಲೋಕಗಳೂ ಅಳಿದುಹೋದಲ್ಲಿಂದ ಎಲ್ಲವೂ ಸರಿಯಿರುವ ಬೇರೊಂದು ಲೋಕಕ್ಕೆ ಬಿದ್ದಂತಾಗುತ್ತದೆ.

ಎಂಟನೇ ಸೀಸನ್ನಿನ ಆರಂಭದಲ್ಲಿ ‘ಆರ್ಮಗೆಡನ್’ ಎಂಬ ಐದು ಭಾಗಗಳ ಕಥೆ ಸಿಗುತ್ತದೆ. ಹೆಸರಿನ ಮುಂದೆ ಭಾಗ ಸಂಖ್ಯೆ, ಬೇರೆ ಬೇರೆ ಸರಣಿಗಳಿಂದ ಸಾಲುಗಟ್ಟಿ ಬಂದ ಅತಿಥಿಗಳು, ಎಲ್ಲ ನೋಡಿ ನಿಮ್ಮ ಗೆಳೆಯರು ಮತ್ತೆ ನಾಲ್ಕು ಪಟ್ಟಿಗಳನ್ನು ತೆರೆಯಲು ಹೇಳಬಹುದು. ಅದರ ಐದೂ ಭಾಗಗಳು ‘ದಿ ಫ್ಲ್ಯಾಶ್’ನ 1ರಿಂದ 5ನೇ ಸಂಚಿಕೆಗಳಲ್ಲೇ ಇವೆ, ಅಲ್ಲಿ ನೀವು ಎಲ್ಲಿಗೂ ಹೋಗಬೇಕಾಗಿಲ್ಲ.